‘ಆಮೇಲೆ ಪ್ರೀಕಾಸ್ಟ್ ಮಾಡಿಕೊಳ್ಳೋಣ’

ವಸತಿ ಸಮುಚ್ಚಯ ಕಟ್ಟಿಸುವವರ ಮೊದಲ ಸಭೆಗಳಲ್ಲಿ ಈಚೆಗೆ ಒಂದು ಮಾತು ತಪ್ಪದೆ ಬರುತ್ತದೆ. “ಮೊದಲು ಪ್ಲಾನ್ ಮುಗಿಸಿ, ಮಂಜೂರಾತಿ ತಗೊಂಡುಬಿಡೋಣ. ಪ್ರೀಕಾಸ್ಟೋ ಮಾಮೂಲಿ ಕಾಂಕ್ರೀಟೋ ಅನ್ನೋದನ್ನ ರೇಟು ನೋಡಿ ಆಮೇಲೆ ತೀರ್ಮಾನ ಮಾಡಿದರಾಯಿತು.” ಮೇಜಿನ ಸುತ್ತ ಕೂತವರೆಲ್ಲ ತಲೆದೂಗುತ್ತಾರೆ. ಆರ್ಕಿಟೆಕ್ಟರಿಗೆ ತಮ್ಮ ನಕ್ಷೆಯಲ್ಲಿ ಬೇರೆಯವರು ಕೈಯಾಡಿಸುವುದು ಸದ್ಯಕ್ಕೆ ತಪ್ಪಿತು. ಬಿಲ್ಡರಿಗೆ ದರ ಚೌಕಾಸಿಗೆ ಎರಡು ದಾರಿ ತೆರೆದಿದ್ದಂತಾಯಿತು. ಸ್ಟ್ರಕ್ಚರಲ್ ಎಂಜಿನಿಯರ್ ಹೇಗಿದ್ದರೂ ಮೂರನೆಯ ಸಭೆಗೆ ಬರುವವರು. ಪ್ರೀಕಾಸ್ಟ್ ಎನ್ನುವುದು ಕಟ್ಟುವ ವಿಧಾನ ಮಾತ್ರ, ಯಾವ ನಕ್ಷೆಗಾದರೂ ಅದನ್ನು ತೊಡಿಸಬಹುದು ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಈ ನಂಬಿಕೆಗೆ ಒಂದು ಉದ್ಯೋಗವೇ ಹುಟ್ಟಿಕೊಂಡಿದೆ. ಮುಗಿದ ನಕ್ಷೆಯನ್ನು ತೆಗೆದುಕೊಂಡು ತುಂಡುತುಂಡಾಗಿ ಕತ್ತರಿಸಿಕೊಡುವ ‘ಪ್ರೀಕಾಸ್ಟ್ ಕನ್ವರ್ಷನ್’ ಎಂಬ ಸೇವೆ ಅದು.

ಇದು ತಪ್ಪು ನಂಬಿಕೆ. ನಕ್ಷೆ ಮುಗಿದ ಹೊತ್ತಿಗೆ ಆ ಮನೆಯ ಪ್ರೀಕಾಸ್ಟ್ ತೀರ್ಮಾನವೂ ಆಗಿಬಿಟ್ಟಿರುತ್ತದೆ, ಯಾರೂ ಯೋಚಿಸದೆ ಆಗಿರುತ್ತದೆ ಅಷ್ಟೆ. ಆಮೇಲೆ ಬರುವ ಕನ್ವರ್ಷನ್‌ನವರು ಆ ಯೋಚಿಸದ ತೀರ್ಮಾನದ ಬೆಲೆಯನ್ನು ಪ್ಯಾನೆಲ್ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ಬಿಲ್ಡರು ಆ ಮೊತ್ತ ನೋಡಿ “ನಮ್ಮ ದೇಶಕ್ಕೆ ಪ್ರೀಕಾಸ್ಟ್ ದುಬಾರಿ” ಎನ್ನುತ್ತಾರೆ. ಹೇಗೋ ಕಟ್ಟಿ ಮುಗಿಸಿದರೆ ಎರಡನೆಯ ಮಳೆಗಾಲಕ್ಕೆ ಗೋಡೆ ಒಸರುತ್ತದೆ, ಆಗ ಕೊಂಡವರು “ಪ್ರೀಕಾಸ್ಟ್ ಮನೆ ಸೋರುತ್ತೆ” ಎನ್ನುತ್ತಾರೆ. ಎರಡು ದೂರಿಗೂ ಕಾರಣ ಮೊದಲ ಗೆರೆಯಲ್ಲಿದೆ.

ಈ ನಂಬಿಕೆ ಎಲ್ಲಿಂದ ಬಂತು ಎನ್ನುವುದು ಅರ್ಥವಾಗುವಂಥದ್ದೇ. ಸ್ಥಳದಲ್ಲೇ ಎರಕ ಹೊಯ್ಯುವ ಕಾಂಕ್ರೀಟು, ಅದರ ನಡುವೆ ಬ್ಲಾಕಿನ ಗೋಡೆ, ಮೇಲೆ ಗಾರೆ ಎಂಬ ನಮ್ಮ ಮಾಮೂಲಿ ಪದ್ಧತಿ ಎಲ್ಲ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪಿಲ್ಲರು ಅರ್ಧ ಇಂಚು ಸರಿದರೆ ಗಾರೆ ಮುಚ್ಚುತ್ತದೆ. ಕೋಣೆ 11 ಅಡಿಯ ಬದಲು 11 ಅಡಿ 1 ಇಂಚು ಆದರೆ ಬ್ಲಾಕನ್ನು ಕತ್ತರಿಸಿದರಾಯಿತು. ಸ್ವಿಚ್ ಬೋರ್ಡ್ ಎಲ್ಲಿ ಎನ್ನುವುದು ಗೋಡೆ ಎದ್ದ ಮೇಲೆ ಗೊತ್ತಾದರೂ ಕೊರೆದು ಪೈಪು ಕೂರಿಸಬಹುದು. ಇಂಥ ಪದ್ಧತಿಯಲ್ಲಿ ಬೆಳೆದವರಿಗೆ ನಕ್ಷೆ ಎಂದರೆ ಕೋಣೆಗಳ ಒಳಅಳತೆ, ಗೋಡೆ ಎಂದರೆ ಎರಡು ಸಮಾನಾಂತರ ಗೆರೆ. ಆ ಗೆರೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಪ್ರೀಕಾಸ್ಟ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಅಲ್ಲಿ ಮನೆ ತುಂಡುಗಳಲ್ಲಿ ಬರುತ್ತದೆ, ತುಂಡಿನ ಅಂಚು ಎಲ್ಲಿ ಎಂಬುದು ಉಳಿದೆಲ್ಲವನ್ನೂ ನಿರ್ಧರಿಸುತ್ತದೆ.

ಬರಿಯ ಮಾತು ಬೇಡ, ಒಂದು ಕೋಣೆಯನ್ನೇ ಲೆಕ್ಕ ಹಾಕೋಣ. ಬೆಂಗಳೂರಿನ ಯಾವ ಸಮುಚ್ಚಯದ ಬ್ರೋಷರಿನಲ್ಲೂ ಸಿಗುವ ಮಲಗುವ ಕೋಣೆ: 11 ಅಡಿ ಅಗಲ, 13 ಅಡಿ 6 ಇಂಚು ಉದ್ದ. ಮಿಲಿಮೀಟರಿನಲ್ಲಿ 3353 ಮತ್ತು 4115. ಅಗಲದ ಎರಡು ಕಡೆಯ ಅಡ್ಡಗೋಡೆಗಳು ಭಾರ ಹೊರುತ್ತವೆ. ಅವುಗಳ ಮೇಲೆ ಹಾಲೋಕೋರ್ ಸ್ಲ್ಯಾಬು, ಅಂದರೆ ಉದ್ದಕ್ಕೂ ಕೊಳವೆಯಂಥ ಪೊಳ್ಳು ಬಿಟ್ಟು ಎರೆದ ಚಪ್ಪಡಿ ಕೂರುತ್ತದೆ. ಈ ಚಪ್ಪಡಿಯನ್ನು ಉದ್ದನೆಯ ಹಾಸಿನ ಮೇಲೆ ಯಂತ್ರ ಎರೆಯುತ್ತದೆ. ಉದ್ದವನ್ನು ಬೇಕಾದಷ್ಟಕ್ಕೆ ಗರಗಸದಿಂದ ಕತ್ತರಿಸಬಹುದು, ಆದರೆ ಅಗಲ 1200 ಮಿ.ಮೀ. ಎಂಬುದು ಯಂತ್ರದ ಅಳತೆ, ಅದು ಬದಲಾಗುವುದಿಲ್ಲ.

ಕೋಣೆಯ ಉದ್ದದ ದಿಕ್ಕಿನಲ್ಲಿ ಈ ಚಪ್ಪಡಿಗಳು ಒಂದರ ಪಕ್ಕ ಒಂದು ಕೂರಬೇಕು. 4115ಕ್ಕೆ ಒಂದು ಗೋಡೆಯ ದಪ್ಪ 150 ಸೇರಿಸಿದರೆ ಗೋಡೆಯ ನಡುಗೆರೆಯಿಂದ ನಡುಗೆರೆಗೆ 4265. ಮೂರು ಚಪ್ಪಡಿಗೆ 3600 ಹೋಯಿತು, ಉಳಿದದ್ದು 665. ಇದಕ್ಕೆ ಯಾವ ಚಪ್ಪಡಿಯೂ ಇಲ್ಲ. ಅರ್ಧ ಚಪ್ಪಡಿ ಅಂದರೆ 600, ಅದನ್ನಿಟ್ಟರೂ 65 ಮಿ.ಮೀ. ಸೀಳು ಉಳಿಯುತ್ತದೆ. ಹಾಗಾಗಿ ಕನ್ವರ್ಷನ್ ನಕ್ಷೆಯಲ್ಲಿ ಆ 665ರ ಇಡೀ ಪಟ್ಟಿಗೆ ಗೀಟು ಹಾಕಿ ‘ಸ್ಥಳದಲ್ಲಿ ಎರಕ’ ಎಂದು ಬರೆಯುತ್ತಾರೆ. ಬರೆಯುವುದು ಸುಲಭ. ಆ ಪಟ್ಟಿಗೆ ಕೆಳಗಿನಿಂದ ಸೆಂಟ್ರಿಂಗ್ ಹೊಡೆಯಬೇಕು, ಕಂಬಿ ಕಟ್ಟಬೇಕು, ಕಾಂಕ್ರೀಟು ಮೇಲೆತ್ತಬೇಕು, ಗಟ್ಟಿಯಾಗುವವರೆಗೆ ಊರುಗೋಲು ಬಿಡಬೇಕು. ಕೆಳಗೆ ಊರುಗೋಲು ನಿಂತಿರುವಷ್ಟು ದಿನ ಆ ಕೋಣೆಗೆ ಟೈಲ್ಸಿನವರೂ ಬರುವಂತಿಲ್ಲ, ವೈರಿಂಗಿನವರೂ ಬರುವಂತಿಲ್ಲ. ಯಾವ ಕೆಲಸವನ್ನು ತಪ್ಪಿಸಲೆಂದು ಪ್ರೀಕಾಸ್ಟಿಗೆ ಹೋದರೋ ಅದೇ ಕೆಲಸ ಪ್ರತಿ ಕೋಣೆಯಲ್ಲೂ ಪ್ರತಿ ಮಹಡಿಯಲ್ಲೂ ಎರಡಡಿ ಅಗಲದ ಪಟ್ಟಿಯಾಗಿ ವಾಪಸು ಬಂತು. ಈಗ ಕ್ರೇನಿನ ಬಾಡಿಗೆಯೂ ಕೊಡಬೇಕು, ಸೆಂಟ್ರಿಂಗಿನವರ ಕೂಲಿಯೂ ಕೊಡಬೇಕು.

ಅದೇ ಕೋಣೆಯನ್ನು ಮೊದಲೇ 300 ಮಿ.ಮೀ. ಚೌಕಳಿಯ ಮೇಲೆ ಬರೆದಿದ್ದರೆ? ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಮೂಲ ಮಾಡ್ಯೂಲ್ 100 ಮಿ.ಮೀ. ಎಂದೂ ಮನೆಗಳ ನಕ್ಷೆಗೆ ಅದರ ಮೂರರಷ್ಟು ಎಂದೂ ಹೇಳುತ್ತದೆ. ನಡುಗೆರೆಯಿಂದ ನಡುಗೆರೆಗೆ ಉದ್ದ 4200, ಅಗಲ 3600 ಇಟ್ಟುಕೊಳ್ಳಿ. ಉದ್ದಕ್ಕೆ ಮೂರೂವರೆ ಚಪ್ಪಡಿ ಸರಿಯಾಗಿ ಕೂರುತ್ತದೆ. ಸೀಳಿದ ಚಪ್ಪಡಿಯ ಇನ್ನರ್ಧ ಪಕ್ಕದ ಕೋಣೆಗೆ ಹೋಗುತ್ತದೆ. ಅಡ್ಡಗೋಡೆ 180 ಮಿ.ಮೀ. ದಪ್ಪದ್ದಾದರೆ ಒಳಅಳತೆ 3420 ಮತ್ತು 4050. ಕೋಣೆ ಉದ್ದದಲ್ಲಿ ಎರಡೂವರೆ ಇಂಚು ಕಳೆದುಕೊಂಡಿತು, ಅಗಲದಲ್ಲಿ ಅದಕ್ಕಿಂತ ತುಸು ಹೆಚ್ಚೇ ಗಳಿಸಿತು. ಒಟ್ಟು ಜಾಗ 13.80 ಚದರ ಮೀಟರಿನಿಂದ 13.85ಕ್ಕೆ ಏರಿತು. ಮಂಚ ಹಾಕುವವರಿಗೆ ಏನೂ ವ್ಯತ್ಯಾಸವಿಲ್ಲ. ಇಡೀ ಜಗಳ ಈ 65 ಮಿಲಿಮೀಟರಿನದು.

ಅಡ್ಡಗೋಡೆಗೆ 180 ಎಂದು ಸುಮ್ಮನೆ ಹೇಳಿದ್ದಲ್ಲ. ಎರಡೂ ಕಡೆಯ ಕೋಣೆಗಳ ಚಪ್ಪಡಿಗಳು ಆ ಒಂದೇ ಗೋಡೆಯ ತಲೆಯ ಮೇಲೆ ಕೂರಬೇಕು. ಒಂದೊಂದಕ್ಕೂ 70-75 ಮಿ.ಮೀ. ಕೂರುವ ಜಾಗ ಬೇಕು, ನಡುವೆ ಕಂಬಿ ಹಾಕಿ ಗ್ರೌಟು ತುಂಬಲು 30 ಮಿ.ಮೀ. ಆದರೂ ಬೇಕು. ಕೂಡಿಸಿ ನೋಡಿ. 150ರ ಗೋಡೆಯ ಮೇಲೆ ಕೂರಿಸಿದರೆ ಚಪ್ಪಡಿಯ ಅಂಚು ಎರಡು ಇಂಚಿನ ಆಸುಪಾಸಿನ ಆಸರೆಯಲ್ಲಿ ನಿಲ್ಲುತ್ತದೆ, ಅದರ ಮೇಲೆ ಕಾರ್ಖಾನೆಯ ತಪ್ಪು ಐದು ಮಿಲಿಮೀಟರು, ಜೋಡಿಸುವವರ ತಪ್ಪು ಐದು ಮಿಲಿಮೀಟರು. ಗೋಡೆಯ ದಪ್ಪವನ್ನು ಇಲ್ಲಿ ತೀರ್ಮಾನಿಸಿದ್ದು ಭಾರದ ಲೆಕ್ಕವಲ್ಲ, ಸಂದು. ಆದರೆ ನಮ್ಮಲ್ಲಿ ದಪ್ಪ ಮೊದಲು ನಿರ್ಧಾರವಾಗುತ್ತದೆ, ಸಂದು ಕೊನೆಗೆ ಬರುತ್ತದೆ.

ಇನ್ನು ಗೋಡೆಯ ಪ್ಯಾನೆಲ್ಲುಗಳು. ನಡುಗೆರೆಗಳ ಅಂತರ ಒಂದೇ 3600 ಆದರೂ ಪ್ಯಾನೆಲ್ ಒಂದೇ ಅಳತೆಯದ್ದಾಗುವುದಿಲ್ಲ. ಮುಂಭಾಗದ ಪ್ಯಾನೆಲ್ ಅಡ್ಡಗೋಡೆಯ ಮುಂದೆ ಹಾದುಹೋಗುತ್ತದೆ, ಅದರ ಸಂದು ನಡುಗೆರೆಯ ಮೇಲೇ ಬೀಳುತ್ತದೆ. 20 ಮಿ.ಮೀ. ಸಂದು ಬಿಟ್ಟರೆ ಪ್ಯಾನೆಲ್ಲಿನ ಉದ್ದ 3580. ಒಳಗೋಡೆ ಎರಡು ಅಡ್ಡಗೋಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ: ಅಡ್ಡಗೋಡೆಯ ದಪ್ಪ ಮತ್ತು ಎರಡು ಕಡೆ 15ರ ಸಂದು ಕಳೆದರೆ 3390. ಇವೆರಡು ಇರಲಿ, ತೊಂದರೆಯಿಲ್ಲ. ತೊಂದರೆ ಕಟ್ಟಡದ ಮೂಲೆಯಲ್ಲಿದೆ. ಕೊನೆಯ ಅಡ್ಡಗೋಡೆಯ ನಡುಗೆರೆಯೂ 3600ರ ಮೇಲೇ ಇದ್ದರೆ ಮುಂಭಾಗದ ಕೊನೆಯ ಪ್ಯಾನೆಲ್ ಆ ಗೋಡೆಯ ಹೊರಮುಖದವರೆಗೆ ಹೋಗಿ ಮುಚ್ಚಬೇಕು, ಅಂದರೆ 3680. ಇಲ್ಲವೇ ಗೋಡೆಯ ಒಳಮುಖಕ್ಕೆ ಬಂದು ನಿಲ್ಲಬೇಕು, ಆಗ 3480. ಎರಡರಲ್ಲೂ ಹೊಸ ಅಳತೆ, ಹೊಸ ಕಂಬಿ, ಕಿಟಕಿ ನಡುವಿಗೆ ಬರದ ಹೊಸ ಮುಖ. ಆ ಕೊನೆಯ ಗೋಡೆಯನ್ನು ಮೊದಲ ದಿನವೇ 100 ಮಿ.ಮೀ. ಹೊರಕ್ಕೆ ಸರಿಸಿ ಬರೆದಿದ್ದರೆ? ಗೋಡೆಯ ಒಳಮುಖ 3610ಕ್ಕೆ ಬರುತ್ತದೆ, ಮಾಮೂಲಿ 3580ರ ಪ್ಯಾನೆಲ್ 20ರ ಸಂದು ಬಿಟ್ಟು ಅಲ್ಲಿಗೇ ಸರಿಯಾಗಿ ನಿಲ್ಲುತ್ತದೆ. ಚಪ್ಪಡಿಯನ್ನು 100 ಮಿ.ಮೀ. ಉದ್ದವಾಗಿ ಕತ್ತರಿಸಿದರೆ ಮುಗಿಯಿತು. ಮೂಲೆಯ ಫ್ಲಾಟ್ ಕೊಂಡವರಿಗೆ ನಾಲ್ಕು ಇಂಚು ಲಾಭ. ಈ ಸರಿಸುವಿಕೆಗೆ ಪೆನ್ಸಿಲಿನ ಖರ್ಚು ಮಾತ್ರ. ಮಂಜೂರಾದ ಮೇಲೆ ಅದು ಸಾಧ್ಯವೇ ಇಲ್ಲ.

ಎಡ-ಬಲದ ಕಥೆ ಇನ್ನೊಂದು. ನಮ್ಮ ಆರ್ಕಿಟೆಕ್ಟರು ಒಂದು ಫ್ಲಾಟ್ ಬರೆದು ಕಂಪ್ಯೂಟರಿನಲ್ಲಿ ಕನ್ನಡಿ ಬಿಂಬ ಮಾಡಿ ಪಕ್ಕದಲ್ಲಿಡುತ್ತಾರೆ. ಎರಡು ಮನೆಯ ಶೌಚಾಲಯಗಳು ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಡಕ್ಟ್ ಹಂಚಿಕೊಳ್ಳುತ್ತವೆ. ಜಾಣತನವೇ. ಆದರೆ ಪ್ಯಾನೆಲ್ಲಿಗೆ ಒಂದು ನಯವಾದ ಮುಖವಿರುತ್ತದೆ, ಉಕ್ಕಿನ ಮೇಜಿಗೆ ತಾಗಿದ್ದು. ಇನ್ನೊಂದು ಕರಣೆಯಲ್ಲಿ ಒರೆದದ್ದು. ಸ್ವಿಚ್ ಡಬ್ಬಿ, ಪೈಪು, ಬಾಗಿಲಿನ ಜಾಗ ಎಲ್ಲ ಒಂದು ಮುಖಕ್ಕೆ ಸೇರಿದ್ದು. ತಿರುಗಿಸಿ ನಿಲ್ಲಿಸಿದರೆ ಅದು ಕನ್ನಡಿ ಬಿಂಬವಾಗುವುದಿಲ್ಲ. ಒಂದು ಫ್ಲಾಟಿಗೆ 24 ಬಗೆಯ ಪ್ಯಾನೆಲ್ ಇದ್ದರೆ ಕನ್ನಡಿ ಹಿಡಿದ ಕೂಡಲೇ ಅದು 48ರ ಹತ್ತಿರಕ್ಕೆ ಹೋಯಿತು. ಅದೇ ಫ್ಲಾಟನ್ನು ತಿರುಗಿಸದೆ ಪಕ್ಕಕ್ಕೆ ಜರುಗಿಸಿ ಇಟ್ಟಿದ್ದರೆ 24ರಲ್ಲೇ ಉಳಿಯುತ್ತಿತ್ತು. ಹಾಗೆ ಮಾಡಿದರೆ ಡಕ್ಟ್ ಎರಡಾಗುತ್ತವೆ, ನಿಜ. ಯಾವುದು ಅಗ್ಗ ಎಂದು ಪ್ರತಿ ಯೋಜನೆಯಲ್ಲೂ ಲೆಕ್ಕ ಹಾಕಿ ನೋಡಬೇಕು. ಉತ್ತರ ಒಂದೇ ಇರಬೇಕೆಂದಿಲ್ಲ. ನಮ್ಮಲ್ಲಿ ಲೆಕ್ಕವೇ ಆಗುವುದಿಲ್ಲ, ಕಂಪ್ಯೂಟರಿನ ಒಂದು ಗುಂಡಿ ಆ ತೀರ್ಮಾನ ಮಾಡುತ್ತದೆ.

ಇಲ್ಲಿಗೆ ಬಂದಾಗ ಕಾರ್ಖಾನೆಯ ಮಾರಾಟದವರು ಕೆಮ್ಮುತ್ತಾರೆ. “ಸಾರ್, ಇದೆಲ್ಲ ಹಳೇ ಕಾಲದ ಮಾತು. ಈಗ ನಮ್ಮದು ಓರೆಯಾಗಿ ಏಳುವ ಉಕ್ಕಿನ ಮೇಜು, ಅಯಸ್ಕಾಂತದ ಅಂಚುಪಟ್ಟಿ. ಯಾವ ಅಳತೆ ಬೇಕಾದರೂ ಎರೆಯುತ್ತೇವೆ. ನೀವು ಪ್ಲಾನ್ ಕೊಡಿ ಸಾಕು.” ‘ಆಮೇಲೆ’ವಾದಿಗಳ ಕೈಲಿರುವ ಒಳ್ಳೆಯ ವಾದ ಇದೊಂದೇ, ಮತ್ತು ಅರ್ಧ ನಿಜ. ಅಂಚುಪಟ್ಟಿಯನ್ನು 3580ರಿಂದ 3680ಕ್ಕೆ ಸರಿಸಲು ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಹೊಸ ಅಳತೆಯ ಪ್ಯಾನೆಲ್ ಅಂದರೆ ಬರಿಯ ಅಂಚುಪಟ್ಟಿಯಲ್ಲ. ಅದಕ್ಕೊಂದು ಪ್ರತ್ಯೇಕ ಕಾರ್ಖಾನೆ ನಕ್ಷೆ ಬೇಕು, ಆ ನಕ್ಷೆಯನ್ನು ಆರ್ಕಿಟೆಕ್ಟ್, ಎಂಜಿನಿಯರ್, ವಿದ್ಯುತ್ತಿನವರು, ಪ್ಲಂಬಿಂಗಿನವರು ನಾಲ್ವರೂ ನೋಡಿ ಸಹಿ ಹಾಕಬೇಕು. ಕಂಬಿಯ ಬಲೆ ಬೇರೆ, ಎತ್ತುವ ಕೊಂಡಿಯ ಜಾಗ ಬೇರೆ, ಯಾಕೆಂದರೆ ಭಾರದ ನಡುಬಿಂದು ಬೇರೆ. ಅಂಗಳದಲ್ಲಿ ಒತ್ತಾಗಿ ನಿಲ್ಲಿಸಿದ ನೂರಾರು ಪ್ಯಾನೆಲ್ಲುಗಳಲ್ಲಿ ಅದನ್ನು ಹುಡುಕಿ ಈಚೆ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಡೆದಾಗ ಆಗುವ ಕಥೆ. ಲಾರಿಯಿಂದ ಇಳಿಸುವಾಗ ಒಂದು ಮೂಲೆ ಮುರಿಯಿತು ಎಂದುಕೊಳ್ಳಿ. ಒಂದೇ ಬಗೆಯ ಪ್ಯಾನೆಲ್ ನಲವತ್ತಿದ್ದರೆ ಪಕ್ಕದ್ದನ್ನು ಎತ್ತಿ ಇಡುತ್ತಾರೆ, ಕೆಲಸ ನಡೆಯುತ್ತದೆ. ಇಡೀ ಕಟ್ಟಡಕ್ಕೆ ಅದೊಂದೇ ಆಗಿದ್ದರೆ ಹೊಸದು ಎರೆದು, ಗಟ್ಟಿಯಾಗಿ, ಬರುವವರೆಗೆ ಕ್ರೇನು ಕೈಕಟ್ಟಿ ನಿಲ್ಲುತ್ತದೆ. ಕಾರ್ಖಾನೆಯವರು ‘ಯಾವ ಅಳತೆಯಾದರೂ’ ಎನ್ನುವಾಗ ಕಾರ್ಖಾನೆಯೊಳಗಿನ ಮಾತಾಡುತ್ತಿರುತ್ತಾರೆ. ಜೋಡಣೆ ನಡೆಯುವುದು ಹೊರಗೆ.

ಹೊರಗಿನ ಮಾತು ಬಂದದ್ದರಿಂದ ಭಾರವನ್ನೂ ಹೇಳಿಬಿಡಬೇಕು. ಮೇಲೆ ಹೇಳಿದ ಅಡ್ಡಗೋಡೆಯ ಒಂದು ಪ್ಯಾನೆಲ್ ಐದು ಟನ್ ದಾಟುತ್ತದೆ. ಟವರ್ ಕ್ರೇನು ತನ್ನ ಬುಡದ ಹತ್ತಿರ ಎತ್ತುವ ಭಾರವನ್ನು ತೋಳಿನ ತುದಿಯಲ್ಲಿ ಎತ್ತಲಾರದು. ಹಾಗಾಗಿ ಭಾರದ ತುಂಡುಗಳು ಕ್ರೇನಿಗೆ ಹತ್ತಿರ ಬರುವಂತೆ ನಕ್ಷೆ ಇರಬೇಕು, ಇಲ್ಲವೇ ದೂರದ ಗೋಡೆಯನ್ನು ಎರಡು ತುಂಡು ಮಾಡಬೇಕು. ಎರಡು ತುಂಡು ಎಂದರೆ ಇನ್ನೊಂದು ಸಂದು.

ಈಗ ಸೋರಿಕೆಗೆ ಬರೋಣ, ಜನ ಪ್ರೀಕಾಸ್ಟನ್ನು ಬಯ್ಯುವುದು ಮುಖ್ಯವಾಗಿ ಅದಕ್ಕೇ. ಚಾಲ್ತಿಯಲ್ಲಿರುವ ಅಭಿಪ್ರಾಯ ಏನೆಂದರೆ, ಸಂದು ಎಂಬುದು ಸೀಲೆಂಟ್ ಕಂಪನಿಯವರ ವ್ಯವಹಾರ; ಒಳ್ಳೆಯ ಮಾಲು ಹಾಕಿಸಿದರೆ ಸೋರುವುದಿಲ್ಲ. ಮಾಲು ಒಳ್ಳೆಯದಿರಬೇಕು, ಯಾರು ಬೇಡ ಅಂದರು? ಆದರೆ ಸೀಲೆಂಟು ಹರಿಯುವುದೋ ಇಲ್ಲವೋ ಎನ್ನುವುದನ್ನು ಸಂದಿನ ಅಗಲ ಹೇಳುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಗಾಢ ಬಣ್ಣದ ಗೋಡೆಯ ಮೈ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ವರ್ಷದ ಲೆಕ್ಕದಲ್ಲಿ 40 ಡಿಗ್ರಿ ಏರಿಳಿಯಿತು ಎಂದಿಟ್ಟುಕೊಳ್ಳಿ. ಕಾಂಕ್ರೀಟು ಪ್ರತಿ ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. 3.58 ಮೀಟರಿನ ಪ್ಯಾನೆಲ್ಲಿಗೆ ಅದು 1.7 ಮಿ.ಮೀ. ಸಾಮಾನ್ಯವಾಗಿ ಬಳಸುವ ಒಳ್ಳೆಯ ಸೀಲೆಂಟು ತನ್ನ ಅಗಲದ ಕಾಲುಭಾಗದಷ್ಟು ಹಿಗ್ಗಿ ಕುಗ್ಗಲು ಒಪ್ಪುತ್ತದೆ. ಅಂದರೆ ಸಂದು 7 ಮಿ.ಮೀ. ಇದ್ದರೂ ಸಾಕು ಎನ್ನಿಸುತ್ತದೆ. ನಕ್ಷೆಯಲ್ಲಿ ಸಂದು ತೆಳ್ಳಗೆ ಕಾಣಲೆಂದು 10 ಎಂದು ಬರೆಯುತ್ತಾರೆ, ‘ಸುರಕ್ಷಿತ’ ಎಂದೂ ಭಾವಿಸುತ್ತಾರೆ.

ಪ್ಯಾನೆಲ್ 4 ಮಿ.ಮೀ. ಉದ್ದ ಬಂತು, ಅದು ಅನುಮತಿಸಿದ ವ್ಯತ್ಯಾಸದೊಳಗೇ ಇದೆ. ನಿಲ್ಲಿಸುವಾಗ 2 ಮಿ.ಮೀ. ಸರಿಯಿತು, ಅದೂ ಒಳಗೇ. ಸಂದು ಈಗ 4 ಮಿ.ಮೀ. ಅದರಲ್ಲಿ 1.7ರ ಚಲನೆ ಎಂದರೆ ಶೇಕಡಾ 40 ದಾಟಿತು. ಸೀಲೆಂಟು ಮೊದಲ ಬೇಸಗೆಯಲ್ಲಿ ಅಂಚು ಬಿಡುತ್ತದೆ, ಮಳೆಗಾಲದಲ್ಲಿ ಗೊತ್ತಾಗುತ್ತದೆ. ಯಾರೂ ತಪ್ಪು ಮಾಡಲಿಲ್ಲ ಎನ್ನುವುದನ್ನು ಗಮನಿಸಿ: ಕಾರ್ಖಾನೆ ತನ್ನ ಮಿತಿಯಲ್ಲಿತ್ತು, ಜೋಡಿಸಿದವರು ತಮ್ಮ ಮಿತಿಯಲ್ಲಿದ್ದರು. ತಪ್ಪಿದ್ದು 10 ಎಂದು ಬರೆದ ಕೈ. 20 ಬರೆದಿದ್ದರೆ ಅದೇ ತಪ್ಪುಗಳ ನಡುವೆ 14 ಉಳಿಯುತ್ತಿತ್ತು, ಸೀಲೆಂಟು ಹಾಯಾಗಿರುತ್ತಿತ್ತು. ಸಂದಿನ ಅಗಲವನ್ನು 10ರಿಂದ 20ಕ್ಕೆ ಏರಿಸುವುದು ಆಮೇಲೆ ಆಗುವ ಕೆಲಸವಲ್ಲ, ಯಾಕೆಂದರೆ ಆಗ ಪ್ರತಿ ಪ್ಯಾನೆಲ್ಲೂ 10 ಮಿ.ಮೀ. ಗಿಡ್ಡವಾಗಬೇಕು.

ಇಷ್ಟಾದರೂ ಸೀಲೆಂಟನ್ನೇ ನಂಬಿದ ಸಂದು ನನಗೆ ಒಪ್ಪಿಗೆಯಿಲ್ಲ, ಅದರಲ್ಲೂ ಕರಾವಳಿಯಲ್ಲಿ. ಮಂಗಳೂರಿನಂಥ ಊರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಮೇಲೆ ಮಳೆ, ಅದೂ ಗಾಳಿಯ ಜೊತೆ ಅಡ್ಡ ಬೀಳುವ ಮಳೆ. ಅಲ್ಲಿ ಹೊರಮುಖದ ಒಂದು ಗೆರೆ ಸೀಲೆಂಟು ಹರಿದರೆ ಹಿಂದೆ ಏನೂ ಇಲ್ಲ. ಯುರೋಪಿನ ದೊಡ್ಡ ಪ್ಯಾನೆಲ್ ಕಟ್ಟಡಗಳಲ್ಲಿ ದಶಕಗಳ ಹಿಂದೆಯೇ ಬಳಕೆಗೆ ಬಂದ ಎರಡು ಹಂತದ ಸಂದು ಬೇರೆ ತರ್ಕದ್ದು. ಹೊರಗೆ ಮಳೆಯನ್ನು ತಡೆಯುವ ಒಂದು ಪಟ್ಟಿ, ಅದು ಗಾಳಿಗೆ ತೆರೆದೇ ಇರುತ್ತದೆ. ಹಿಂದೆ ಒಂದು ಸಣ್ಣ ಪೊಳ್ಳು. ಒಳಗೆ ಗಾಳಿಯನ್ನು ತಡೆಯುವ ಮುದ್ರೆ, ಅದಕ್ಕೆ ಬಿಸಿಲೂ ತಾಗುವುದಿಲ್ಲ, ನೀರೂ ತಾಗುವುದಿಲ್ಲ. ಪೊಳ್ಳಿನೊಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸಮವಾಗುವುದರಿಂದ ನೀರನ್ನು ಒಳಕ್ಕೆ ತಳ್ಳುವ ಬಲವೇ ಇರುವುದಿಲ್ಲ; ಹೊಕ್ಕ ಹನಿ ಪೊಳ್ಳಿನಲ್ಲೇ ಇಳಿದು ಕೆಳಗೆ ಹೊರಬೀಳುತ್ತದೆ. ಅಡ್ಡ ಸಂದಿನಲ್ಲಿ ಕೆಳಪ್ಯಾನೆಲ್ಲಿನ ತಲೆಗೆ ಒಂದು ಮೆಟ್ಟಿಲಿನಂಥ ಏರು, ಮೇಲಿನದು ಅದರ ಮುಂದೆ ಇಳಿಬಿದ್ದಿರುತ್ತದೆ.

ಈ ಸಂದಿಗೆ ಖರ್ಚು ಸೀಲೆಂಟಿನಲ್ಲಿ ಇಲ್ಲ, ಆಕಾರದಲ್ಲಿದೆ. ಏರು, ಇಳಿ, ಪಟ್ಟಿ ಕೂರುವ ತೋಡು, ಹಿಂದೆ ಕಂಬಿಕೊಂಡಿ ಕೂಡುವ ಗ್ರೌಟಿನ ಜಾಗ, ಇಷ್ಟೂ ಪ್ಯಾನೆಲ್ಲಿನ ದಪ್ಪದೊಳಗೆ ಹಿಡಿಸಬೇಕು. 150ರಲ್ಲಿ ಇಕ್ಕಟ್ಟು, 200 ಆದರೆ ನೆಮ್ಮದಿ. ಆ 50 ಮಿ.ಮೀ. ಹೊರಕ್ಕೆ ಹೋಗಬೇಕು, ಇಲ್ಲವೇ ಒಳಕ್ಕೆ ಬರಬೇಕು. ಹೊರಕ್ಕೆ ಹೋದರೆ ಸೆಟ್‌ಬ್ಯಾಕ್‌ಗೆ ತಗಲುತ್ತದೆ, ನಮ್ಮ ನಕ್ಷೆಗಳು ಸೆಟ್‌ಬ್ಯಾಕ್‌ನ ಕೊನೆಯ ಮಿಲಿಮೀಟರಿನವರೆಗೂ ಕಟ್ಟಡವನ್ನು ಎಳೆದಿರುತ್ತವೆ. ಒಳಕ್ಕೆ ಬಂದರೆ ಕೋಣೆ ಕಿರಿದಾಗುತ್ತದೆ. ಹಾಗಾಗಿ ಕನ್ವರ್ಷನ್‌ನವರು ಏನು ಮಾಡುತ್ತಾರೆ? 150ರ ನೇರ ಅಂಚಿನ ಪ್ಯಾನೆಲ್, ಹೊರಗೊಂದು ಗೆರೆ ಸೀಲೆಂಟು. ಬೇರೆ ದಾರಿ ಅವರಿಗೆ ಉಳಿದಿರುವುದಿಲ್ಲ.

ಸೋರಿಕೆ ಬರಿಯ ಕಿರಿಕಿರಿ. ಭಾರ ಹೊರುವ ಸಂದನ್ನು ಕೊನೆಗೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಲಂಡನ್ನಿನ ಪೂರ್ವಭಾಗದ ರೋನನ್ ಪಾಯಿಂಟ್ ಇದೆ. 22 ಮಹಡಿ, ಡೆನ್ಮಾರ್ಕಿನ ಲಾರ್ಸೆನ್-ನೀಲ್ಸನ್ ಪದ್ಧತಿಯ ದೊಡ್ಡ ಪ್ಯಾನೆಲ್ಲುಗಳು. ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತು. 1968ರ ಮೇ 16ರ ಬೆಳಗ್ಗೆ 18ನೇ ಮಹಡಿಯ ಮೂಲೆಯ ಫ್ಲಾಟಿನಲ್ಲಿ ಗ್ಯಾಸ್ ಸೋರಿ ಸ್ಫೋಟವಾಯಿತು. ಅಂಥಾ ದೊಡ್ಡ ಸ್ಫೋಟವೇನಲ್ಲ. ಆ ಮನೆಯಲ್ಲಿದ್ದವರು ಬದುಕಿ ಉಳಿದರು. ಆದರೆ ಮೂಲೆಯ ಭಾರದ ಗೋಡೆ ಹೊರಕ್ಕೆ ಕಳಚಿ ಬಿತ್ತು. ಅದರ ಮೇಲೆ ನಿಂತಿದ್ದ ನಾಲ್ಕು ಮಹಡಿಗಳು ಆಸರೆ ತಪ್ಪಿ ಕುಸಿದವು, ಅವುಗಳ ಹೊಡೆತಕ್ಕೆ ಕೆಳಗಿನ ಮಹಡಿಗಳ ಮೂಲೆಗಳೂ ಒಂದಾದ ಮೇಲೊಂದು ಬಿದ್ದವು. ನಾಲ್ವರು ಸತ್ತರು. ಪ್ಯಾನೆಲ್ಲುಗಳು ಗಟ್ಟಿಯಾಗಿಯೇ ಇದ್ದವು. ಅವನ್ನು ಒಂದಕ್ಕೊಂದು ಹಿಡಿದಿಡುವುದು ಏನೂ ಇರಲಿಲ್ಲ ಎನ್ನುವಷ್ಟು ಸಂದು ಬಡವಾಗಿತ್ತು. ಗೋಡೆ ಬಹುಮಟ್ಟಿಗೆ ಮೇಲಿನ ಭಾರ ಮತ್ತು ಘರ್ಷಣೆಯಿಂದಲೇ ನಿಂತಿತ್ತು. ಆ ಮೂಲೆಯನ್ನು ಮತ್ತೆ ಕಟ್ಟಿ ಜನರನ್ನು ವಾಪಸು ತುಂಬಿಸಿದರು. 1986ರಲ್ಲಿ ಕಟ್ಟಡವನ್ನು ಒಂದೊಂದೇ ಪ್ಯಾನೆಲ್ಲಾಗಿ ಬಿಚ್ಚಿದಾಗ, ಗಾರೆ ತುಂಬಬೇಕಿದ್ದ ಎಷ್ಟೋ ಸಂದುಗಳಲ್ಲಿ ಹಳೆಯ ಪತ್ರಿಕೆ, ಕಸಕಡ್ಡಿ ಸಿಕ್ಕವು.

ಪತ್ರಿಕೆ ತುರುಕಿದ ಕೆಲಸಗಾರರನ್ನು ಬಯ್ಯುವುದು ಸುಲಭ. ಆದರೆ ಕಣ್ಣಿಗೆ ಕಾಣದ, ಕೈ ಹೋಗದ ಜಾಗದಲ್ಲಿ ಗಾರೆ ತುಂಬು ಎಂದು ಹೇಳಿದ್ದು ಯಾರು? ಸಂದು ಬರೆಯುವವರು ಅದನ್ನು ತುಂಬುವ ಕೈಯನ್ನೂ ತಪಾಸಣೆ ಮಾಡುವ ಕಣ್ಣನ್ನೂ ಅದೇ ನಕ್ಷೆಯಲ್ಲಿ ಬರೆಯಬೇಕು. ಗೋಡೆಯ ಬುಡದಲ್ಲಿ 20 ಮಿ.ಮೀ. ಸಂದು, ಕುಗ್ಗದ ಗ್ರೌಟನ್ನು ಒಂದು ಕಡೆಯಿಂದ ಹೊಯ್ದು ಇನ್ನೊಂದು ಕಡೆಯಿಂದ ಹೊರಬರುವವರೆಗೆ ಕಾಯುವುದು. ಕಂಬಿಯ ಕೊಳವೆಗಾದರೆ ಕೆಳಗಿನ ತೂತಿನಿಂದ ತುಂಬಿ ಮೇಲಿನ ತೂತಿನಲ್ಲಿ ಉಕ್ಕುವುದನ್ನು ನೋಡುವುದು. ಆ ಎರಡು ತೂತುಗಳನ್ನು ಕಾರ್ಖಾನೆಯಲ್ಲೇ ಬಿಟ್ಟಿರಬೇಕು. ನಂಬಿಕೆ ಸಾಲದಿದ್ದರೆ ಚೀಲ ಎಣಿಸಿ. ನಾಲ್ಕು ಮೀಟರಿನ, 180 ದಪ್ಪದ ಗೋಡೆಯ ಬುಡಕ್ಕೆ 14 ಲೀಟರಿನ ಮೇಲೆ ಗ್ರೌಟು ಬೇಕು. 25 ಕಿಲೋ ಚೀಲ ಕಲಸಿದರೆ ಸಿಗುವುದು ಹನ್ನೆರಡೂವರೆ ಲೀಟರಿನ ಆಸುಪಾಸು. ಅಂಥ 40 ಪ್ಯಾನೆಲ್ ಇರುವ ಮಹಡಿಗೆ 45 ಚೀಲಕ್ಕಿಂತ ಕಡಿಮೆ ಖರ್ಚಾಗಲು ಸಾಧ್ಯವಿಲ್ಲ. ಉಗ್ರಾಣದ ಪುಸ್ತಕದಲ್ಲಿ 20 ಇದ್ದರೆ ಉಳಿದ ಜಾಗದಲ್ಲಿ ಏನಿದೆ ಎಂದು ಆ ಮಹಡಿಯ ಮೇಲೆ ಇನ್ನೊಂದು ಏಳುವ ಮೊದಲೇ ಕೊರೆದು ನೋಡಬೇಕು.

ಇದೆಲ್ಲ ಹೊಸ ತಂತ್ರ, ಕಲಿಯುತ್ತಾ ಹೋಗುತ್ತೇವೆ ಎಂಬ ಸಮಾಧಾನವೂ ಚಾಲ್ತಿಯಲ್ಲಿದೆ. ಹೊಸದಲ್ಲ. 1939ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟೊ ಕೋನಿಗ್ಸ್‌ಬರ್ಗರ್ 1948ರಲ್ಲಿ ದೆಹಲಿಗೆ ಹೋಗಿ ಕೇಂದ್ರದ ವಸತಿ ನಿರ್ದೇಶಕರಾದರು. ವಿಭಜನೆಯ ನಿರಾಶ್ರಿತರಿಗೆಂದು ಕಾರ್ಖಾನೆಯಲ್ಲಿ ಮನೆ ಮಾಡುವ ಸರ್ಕಾರಿ ಯೋಜನೆ ಅವರ ಕಾಲದ್ದು. ಹಗುರ ಕಾಂಕ್ರೀಟಿನ ಹಲಗೆಗಳು ಬಿರುಕುಬಿಟ್ಟವು, ಯೋಜನೆ ನಿಂತಿತು, ಕಾರ್ಖಾನೆ ಮುಂದೆ ಬೇರೆ ಹೆಸರಿನಲ್ಲಿ ಬೇರೆ ಸರಕು ಮಾಡಿ ಬದುಕಿತು. ಮುಕ್ಕಾಲು ಶತಮಾನ ಕಲಿಯಲು ಸಾಕಷ್ಟು ಸಮಯ.

ಆರ್ಕಿಟೆಕ್ಟರ ಆಕ್ಷೇಪಕ್ಕೂ ಉತ್ತರ ಕೊಡಬೇಕು. ಮಾಡ್ಯೂಲಿಗೆ ಕಟ್ಟುಬಿದ್ದರೆ ಮನೆ ಡಬ್ಬಿಯಾಗುತ್ತದೆ, ಕಲ್ಪನೆಗೆ ಜಾಗವಿಲ್ಲ ಎನ್ನುತ್ತಾರೆ. ನಮ್ಮ ಹಳ್ಳಿಗಳ ತೊಟ್ಟಿಮನೆಗಳನ್ನು ಅಂಕಣದ ಲೆಕ್ಕದಲ್ಲೇ ಕಟ್ಟಿದ್ದು. ತೊಲೆಗೆ ಸಿಗುವ ಮರದ ಉದ್ದ ಅಂಕಣವನ್ನು ನಿರ್ಧರಿಸುತ್ತಿತ್ತು, ಅಂಕಣಗಳ ಎಣಿಕೆ ಮನೆಯನ್ನು. ಬೆಂಗಳೂರು, ಕೋಲಾರದ ಕಡೆಯ ಕಲ್ಲುಚಪ್ಪಡಿಯ ಮನೆಗಳಲ್ಲಿ ಚಪ್ಪಡಿ ಎಷ್ಟುದ್ದ ಏಳುತ್ತದೋ ಕೋಣೆ ಅಷ್ಟಗಲ. ಆ ಮನೆಗಳನ್ನು ಡಬ್ಬಿ ಎಂದು ಯಾರೂ ಕರೆಯಲಿಲ್ಲ. ಇವತ್ತು ಅದೇ ಆರ್ಕಿಟೆಕ್ಟರು ಫೋಟೊ ತೆಗೆಯಲು ಹೋಗುತ್ತಾರೆ. 300ರ ಚೌಕಳಿಯಲ್ಲಿ 3.0, 3.3, 3.6, 3.9, 4.2 ಮೀಟರಿನ ಕೋಣೆಗಳು ಸಿಗುತ್ತವೆ. ಇಷ್ಟರಲ್ಲಿ ಒಳ್ಳೆಯ ಮನೆ ಬರೆಯಲಾಗದವರಿಗೆ 3353 ಮಿಲಿಮೀಟರು ಸಿಕ್ಕರೂ ಬರೆಯಲಾಗದು. ಇನ್ನು ಮನೆಯವರು ಆಯ ನೋಡಿಸಿ ಇಂಚಿನ ಲೆಕ್ಕದಲ್ಲಿ ಒಳಅಳತೆ ಕೇಳುತ್ತಾರೆ ಎಂಬ ಮಾತಿಗೆ ಉತ್ತರ ಇಷ್ಟೆ: ಸಮುಚ್ಚಯದ ಇನ್ನೂರು ಫ್ಲಾಟಿಗೆ ಇನ್ನೂರು ಯಜಮಾನರ ಆಯ ಯಾರೂ ನೋಡುವುದಿಲ್ಲ.

ಸ್ವಂತ ಸೈಟಿನಲ್ಲಿ ಒಂದೇ ಮನೆ ಕಟ್ಟುವವರ ಮಾತು ಬೇರೆ. 30-40ರ ಸೈಟು, ಇಪ್ಪತ್ತಡಿ ರಸ್ತೆ, ತಲೆಯ ಮೇಲೆ ಕರೆಂಟಿನ ತಂತಿ. ಅಲ್ಲಿಗೆ ಐದು ಟನ್ನಿನ ಪ್ಯಾನೆಲ್ಲನ್ನು ತರಲು ಹೋಗುವುದು ಹುಚ್ಚು. ಅಂಥಲ್ಲಿ ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಹಲಗೆ-ತೊಲೆ ಪದ್ಧತಿ ಸಾಕು: 300 ಮಿ.ಮೀ. ಅಗಲದ ಸಣ್ಣ ಕಾಂಕ್ರೀಟ್ ಹಲಗೆಗಳು, ಅವನ್ನು ಹೊರುವ ಸಣ್ಣ ತೊಲೆಗಳು, ಇಬ್ಬರು ಹಲಗೆಯನ್ನು ಕೈಯಲ್ಲೇ ಎತ್ತಿ ಇಡಬಹುದು. ಅಲ್ಲೂ ನಿಯಮ ಬದಲಾಗುವುದಿಲ್ಲ. ತೊಲೆಗಳ ಅಂತರ ಹಲಗೆಯ ಉದ್ದಕ್ಕೆ, ಕೋಣೆಯ ಅಳತೆ 300ರ ಗುಣಕಕ್ಕೆ ಹೊಂದಬೇಕು. ಹೊಂದದಿದ್ದರೆ ಗೋಡೆಯ ಪಕ್ಕ ಅದೇ ಸೆಂಟ್ರಿಂಗ್ ಪಟ್ಟಿ.

ಸಮುಚ್ಚಯಕ್ಕೆ ಮರಳಿ ಹೇಳುವುದಾದರೆ, ಸಂದಿನ ನಕ್ಷೆ ಮಂಜೂರಾತಿಗೆ ಮೊದಲು ಮೇಜಿನ ಮೇಲಿರಬೇಕು. ನಾಲ್ಕೇ ಚಿತ್ರ ಸಾಕು, ಒಂದಕ್ಕೆ ಐದರ ಅಳತೆಯಲ್ಲಿ: ಮುಂಭಾಗದ ನೆಟ್ಟಗಿನ ಸಂದು, ಅಡ್ಡ ಸಂದು, ಚಪ್ಪಡಿ ಗೋಡೆಯ ಮೇಲೆ ಕೂರುವ ಜಾಗ, ಕಟ್ಟಡದ ಮೂಲೆ. ಇವು ಬಂದ ಮೇಲೆ ಗೋಡೆಯ ದಪ್ಪ, ಆಮೇಲೆ ಚೌಕಳಿ, ಆಮೇಲೆ ಕೋಣೆ. ಹೀಗೆ ಮಾಡಲು ಪ್ರೀಕಾಸ್ಟ್ ಎಂಜಿನಿಯರಿಗೆ ಮೊದಲ ತಿಂಗಳೇ ಫೀಸು ಕೊಡಬೇಕಾಗುತ್ತದೆ, ಬಿಲ್ಡರುಗಳು ಕೈ ಬಿಗಿ ಹಿಡಿಯುವುದು ಮುಖ್ಯವಾಗಿ ಇದಕ್ಕೇ. ಆಮೇಲೆ ಕೊಡೋಣ ಎನ್ನುವವರಿಗೆ ರೇರಾ ಕಾಯ್ದೆ ಬಾಗಿಲು ಮುಚ್ಚಿದೆ: 2016ರ ಆ ಕಾಯ್ದೆಯ ಪ್ರಕಾರ ಫ್ಲಾಟ್ ಕೊಂಡವರ ಒಪ್ಪಿಗೆಯಿಲ್ಲದೆ ಮಂಜೂರಾದ ನಕ್ಷೆಯಲ್ಲಿ ಸಣ್ಣಪುಟ್ಟದ್ದನ್ನು ಬಿಟ್ಟು ಏನೂ ಬದಲಿಸುವಂತಿಲ್ಲ, ಕಾರ್ಪೆಟ್ ವಿಸ್ತೀರ್ಣ ಕರಾರಿನಲ್ಲೇ ಬರೆದಿರುತ್ತದೆ. ಹೊರಗೋಡೆ ದಪ್ಪವಾಗಿ ಒಳಕ್ಕೆ ಸರಿದರೆ ಆ ವಿಸ್ತೀರ್ಣ ಕಡಿಮೆಯಾಗುತ್ತದೆ, ಕಡಿಮೆಯಾದಷ್ಟಕ್ಕೆ ಹಣ ವಾಪಸು ಕೊಡಬೇಕಾಗುತ್ತದೆ. ಮಾರಾಟ ಶುರುವಾದ ಯೋಜನೆಯಲ್ಲಿ ಆ 50 ಮಿಲಿಮೀಟರನ್ನು ಕೇಳಲು ಇನ್ನೂರು ಮನೆಯ ಬಾಗಿಲು ತಟ್ಟಬೇಕು.